ಕರುಣೆಯ ಭಾಷಣಕ್ಕೆ ಒಬ್ಬ ರೋಗಿ ಸಾಕು

"ಕಾಲೇಜಿನ ಸರ್ವಧರ್ಮ ಗೋಷ್ಠಿಯಲ್ಲಿ ಕರುಣೆ ಬಗ್ಗೆ ಐದು ನಿಮಿಷ ಮಾತಾಡಬೇಕು. ಎಲ್ಲಾ ಧರ್ಮಗಳೂ ಒಂದೇ ಅನ್ನೋದು ಬಿಟ್ಟು ಏನು ಹೇಳಲಿ?"

ಹಾಸಿಗೆ ಹಿಡಿದ ರೋಗಿಯೊಬ್ಬನನ್ನು ಮಾತ್ರ ಹಿಡಿದುಕೊಳ್ಳಿ. ಮೂರು ಧರ್ಮಗಳು ಅವನ ಹತ್ತಿರ ಹೋಗುವ ರೀತಿಯನ್ನು ಹೇಳಿ.

ಬುದ್ಧನಿಂದ ಶುರು ಮಾಡಿ. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ಭೇದಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿರುವ ಭಿಕ್ಷುವೊಬ್ಬನ ಕಥೆ ಬರುತ್ತದೆ. ಅವನಿಂದ ತಮಗೆ ಏನೂ ಉಪಯೋಗವಿಲ್ಲ ಅಂತ ಉಳಿದವರು ನೋಡಿಕೊಳ್ಳುತ್ತಿರಲಿಲ್ಲ. ಬುದ್ಧ ನೀರು ಹೊಯ್ಯುತ್ತಾನೆ, ಅವನ ಶಿಷ್ಯ ಆನಂದ ಮೈ ತೊಳೆಯುತ್ತಾನೆ. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಅನ್ನುತ್ತಾನೆ ಬುದ್ಧ. ಈ ಕಥೆಗೆ ಎರಡು ನಿಮಿಷ ಕೊಡಿ, ಅವಸರ ಬೇಡ.

ಆಮೇಲೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಅಲ್ಲಿ ಯೇಸು ಹೇಳುವ ಕೊನೆಯ ತೀರ್ಪಿನ ದೃಶ್ಯದಲ್ಲಿ ತೀರ್ಪು ಕೊಡುವ ರಾಜ, ರೋಗಿಗೆ ಮಾಡಿದ್ದು ನನಗೇ ಮಾಡಿದ್ದು ಅನ್ನುತ್ತಾನೆ. ಇಸ್ಲಾಮಿನಲ್ಲಿ, ಪ್ರವಾದಿ ಮುಹಮ್ಮದರ ಮಾತುಗಳ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನ ಒಂದು ಹದೀಸ್‌ನಲ್ಲಿ ಅಲ್ಲಾಹ್, ನನಗೆ ಕಾಯಿಲೆಯಾಗಿತ್ತು, ನೀನು ಬರಲಿಲ್ಲ ಅನ್ನುತ್ತಾನೆ. ಲೋಕದ ಒಡೆಯನಾದ ನಿನ್ನನ್ನು ನೋಡಲು ಬರುವುದು ಹೇಗೆ ಅಂತ ಮನುಷ್ಯ ಕೇಳುತ್ತಾನೆ. ರೋಗಿಯ ಬಳಿ ಹೋಗಿದ್ದರೆ ನಾನು ಅಲ್ಲೇ ಸಿಗುತ್ತಿದ್ದೆ ಅನ್ನುವುದು ಉತ್ತರ.

ವ್ಯತ್ಯಾಸ ಮುಚ್ಚಿಡಬೇಡಿ. ಬುದ್ಧನ ಕಥೆಯಲ್ಲಿ ದೇವರ ಮಾತೇ ಇಲ್ಲ. ನಿಮಗೆ ಇಲ್ಲಿ ಅಪ್ಪ ಅಮ್ಮ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ ಅನ್ನುವುದು ಅಲ್ಲಿನ ಕಾರಣ. ಹಾಸ್ಟೆಲ್ ಹುಡುಗರಿಗೆ ಇದು ಜಾಸ್ತಿ ತಟ್ಟುತ್ತೆ, ಅಲ್ವಾ? ಜ್ವರ ಬಂದು ಊಟಕ್ಕೆ ಬಾರದ ರೂಮ್‌ಮೇಟ್‌ಗೆ ಗಂಜಿ ತಂದುಕೊಡುವವರು ಯಾರು ಅಂತ ಸಭೆಯನ್ನು ನೇರವಾಗಿ ಕೇಳಿಬಿಡಿ.