ಮೊದಲು ಪದವನ್ನು ನೋಡಿ, ಆಮೇಲೆ ಪರೀಕ್ಷೆ

*ಮಾನ್ಯ ಸಂಪಾದಕರೇ, ಯಾವ ಅನಂತ ಶ್ರೇಣಿ ಕೊಟ್ಟರೂ ನಾನು ಮೊದಲು ರೇಶಿಯೋ ಟೆಸ್ಟ್ ಹಾಕುತ್ತೇನೆ. ∑ (2n+3)/(n³+5) ಮತ್ತು ∑ 1/(n ln n) ಎರಡಕ್ಕೂ 1 ಬಂತು. ಅನುಪಾತ ಯಾವಾಗಲೂ 1ಕ್ಕಿಂತ ಕಡಿಮೆಯೇ ಇದೆಯಲ್ಲ ಎಂದು ಎರಡೂ ಅಭಿಸರಿಸುತ್ತವೆ ಅಂತ ಬರೆದೆ. ಎರಡನೆಯದು ತಪ್ಪಾಯಿತು. ಆದರೆ ಅದರ ಹತ್ತು ಲಕ್ಷ ಪದಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದರೂ 3.42 ಮಾತ್ರ ಬರುತ್ತದೆ! ಯಾವ ಪರೀಕ್ಷೆಯನ್ನು ಯಾವಾಗ ಹಾಕಬೇಕು?*
*— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ*

ಹತ್ತು ಲಕ್ಷ ಪದ ಕೂಡಿಸಿ ನೋಡುವಷ್ಟು ತಾಳ್ಮೆ ನಿಮಗಿದೆ. ಅದರಲ್ಲಿ ಅರ್ಧ ನಿಮಿಷವನ್ನು ಆ ಪದವನ್ನು ದಿಟ್ಟಿಸಿ ನೋಡಲು ಕೊಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಬೈಗುಳ ಇಷ್ಟೇ, ಇನ್ನು ವಿಷಯಕ್ಕೆ ಬರೋಣ.

ಮೊದಲು ನಿಮ್ಮ ತಪ್ಪು. ∑ 1/n ತೆಗೆದುಕೊಳ್ಳಿ. ಅದರ ಅನುಪಾತಗಳು 1/2, 2/3, 3/4, 4/5. ಒಂದೂ 1ನ್ನು ಮುಟ್ಟುವುದಿಲ್ಲ, ಆದರೂ ಶ್ರೇಣಿ ಅಪಸರಿಸುತ್ತದೆ. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ಸಾಲದು, 0.9ರಂಥ ಒಂದು ಸ್ಥಿರ ಸಂಖ್ಯೆಯ ಕೆಳಗೆ ಅದು ಉಳಿಯಬೇಕು. ಏಕೆಂದರೆ ಅನುಪಾತ ಪರೀಕ್ಷೆಯ ಒಳಗಿರುವುದೂ ಹೋಲಿಕೆಯೇ. ಅನುಪಾತದ ಮಿತಿ 1/3 ಎಂದುಕೊಳ್ಳಿ. ಎಲ್ಲೋ ಒಂದು ಕಡೆಯಿಂದ ಆಚೆಗೆ ಪ್ರತಿ ಪದವೂ ಹಿಂದಿನದರ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ಅಂದರೆ ಇಡೀ ಬಾಲ 1/2, 1/4, 1/8 ಎನ್ನುವ ಗುಣೋತ್ತರ ಶ್ರೇಣಿಯ ಯಾವುದೋ ಗುಣಕದ ಕೆಳಗೆ ಬಂದು ಕೂರುತ್ತದೆ. ಆ ಪರೀಕ್ಷೆಯ ಕೈಯಲ್ಲಿರುವ ಅಳತೆಗೋಲು ಗುಣೋತ್ತರ ಶ್ರೇಣಿ ಒಂದೇ. n ನ ಘಾತಗಳ ನಡುವಿನ ವ್ಯತ್ಯಾಸ ಆ ಕೋಲಿಗೆ ಕಾಣುವುದಿಲ್ಲ. 1/n^p ನ ಅನುಪಾತ (n/(n+1))^p. p ಅರ್ಧವಿರಲಿ, ಐವತ್ತಿರಲಿ, ಮಿತಿ 1. ಮೇಲೂ ಕೆಳಗೂ ಬಹುಪದಗಳಷ್ಟೇ ಇರುವ ಶ್ರೇಣಿಗೆ ಅನುಪಾತ ತೆಗೆಯಲು ಕೂತರೆ, ಪೆನ್ನು ಎತ್ತುವ ಮೊದಲೇ ಉತ್ತರ 1 ಎಂದು ಗೊತ್ತಿರುತ್ತದೆ.

ಹಾಗಂತ ಆ ಪರೀಕ್ಷೆ ಬೇಡವೆಂದಲ್ಲ. 3^n ನಂಥದ್ದು ಅಥವಾ n! ಕಂಡರೆ ಹಾಕಿ. ∑ n²/3^n ಗೆ ಅನುಪಾತ ((n+1)/n)² · 1/3, ಮಿತಿ 1/3, ಅಭಿಸರಣ, ಒಂದೇ ಸಾಲಿನಲ್ಲಿ ಮುಗಿಯಿತು.

ಆದರೆ ನಿಮ್ಮ ಮೊದಲ ಶ್ರೇಣಿಯನ್ನೇ ನೋಡಿ. n ದೊಡ್ಡದಾದಾಗ ಮೇಲಿನ 3, ಕೆಳಗಿನ 5 ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವುದು 2n/n³, ಅಂದರೆ 2/n². ಇಷ್ಟು ಕಂಡರೆ ಉತ್ತರ ಅಭಿಸರಣ ಎಂದು ತಿಳಿದುಹೋಯಿತು. ಇನ್ನು ಬರೆದು ತೋರಿಸುವ ಕೆಲಸ ಮಾತ್ರ. n ≥ 1 ಇರುವಾಗ 2n+3 ≤ 5n, ಮತ್ತು n³+5 > n³. ಆದ್ದರಿಂದ ಪ್ರತಿ ಪದವೂ 5/n² ಗಿಂತ ಚಿಕ್ಕದು. ∑ 5/n² ಅಭಿಸರಿಸುತ್ತದೆ, ಇದೂ ಅಭಿಸರಿಸುತ್ತದೆ. 5 ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡಿ: 3 ≤ 3n, ಅದಕ್ಕೆ 2n ಸೇರಿಸಿದೆವು, ಅಷ್ಟೇ. ಬಿಗಿಯಾದ ಸಂಖ್ಯೆ ಬೇಕಿಲ್ಲ, 500 ಆದರೂ ನಡೆಯುತ್ತದೆ.

ಹೋಲಿಕೆಯಲ್ಲಿ ಮಕ್ಕಳು ಎಡವುವುದು ದಿಕ್ಕಿನಲ್ಲಿ. ∑ 1/(n+√n) ಕೊಟ್ಟರೆ "1/n ಗಿಂತ ಚಿಕ್ಕದು, 1/n ಅಪಸರಿಸುತ್ತದೆ, ಆದ್ದರಿಂದ ಇದೂ ಅಪಸರಿಸುತ್ತದೆ" ಎಂದು ಬರೆದುಬಿಡುತ್ತಾರೆ. ಉತ್ತರ ಸರಿ, ಕಾರಣ ಸೊನ್ನೆ. ಅಪಸರಿಸುವ ಶ್ರೇಣಿಗಿಂತ ಚಿಕ್ಕದು ಎಂದರೆ ಏನೂ ಹೇಳಿದಂತಾಗಲಿಲ್ಲ. 1/n² ಕೂಡ 1/n ಗಿಂತ ದೊಡ್ಡದಲ್ಲವಲ್ಲ! ಅಪಸರಣ ತೋರಿಸಬೇಕಾದರೆ ಕೆಳಗಿನಿಂದ ಎತ್ತಿ ಹಿಡಿಯಬೇಕು. √n ≤ n, ಹಾಗಾಗಿ n+√n ≤ 2n, ಹಾಗಾಗಿ ಪದ ಕನಿಷ್ಠ 1/(2n). ಈಗ ಸರಿಹೋಯಿತು.

∑ 1/n ಅಪಸರಿಸುತ್ತದೆ ಎಂಬುದೇ ಮೊದಲು ಸಾಧನೆಯಾದದ್ದು ಹೋಲಿಕೆಯಿಂದ. 14ನೇ ಶತಮಾನದ ಫ್ರಾನ್ಸಿನಲ್ಲಿ ನಿಕೋಲ್ ಒರೆಮ್ ಪದಗಳನ್ನು ಗುಂಪು ಕಟ್ಟಿದ: 1/3+1/4 ಅರ್ಧಕ್ಕಿಂತ ಹೆಚ್ಚು, 1/5ರಿಂದ 1/8ರವರೆಗಿನ ನಾಲ್ಕು ಪದಗಳು ಸೇರಿ ಅರ್ಧಕ್ಕಿಂತ ಹೆಚ್ಚು, ಮುಂದಿನ ಎಂಟೂ ಹಾಗೆಯೇ. ಅರ್ಧಗಳು ಮುಗಿಯುವುದೇ ಇಲ್ಲ. ಕಲನಶಾಸ್ತ್ರ ಹುಟ್ಟುವ ಮುನ್ನೂರು ವರ್ಷ ಮೊದಲು, ಭಿನ್ನರಾಶಿ ಕೂಡಿಸಲು ಬರುವ ಯಾರಿಗಾದರೂ ಹಿಡಿಯುವಂಥ ವಾದ.

ಅನುಪಾತ ಪರೀಕ್ಷೆಯ ಸ್ವಂತ ಹೊಲ ಎನ್ನುವ ಕಡೆಯೂ ಹೋಲಿಕೆ ಹಿಂದೆ ಬೀಳುವುದಿಲ್ಲ. ∑ n!/n^n ಗೆ ಅನುಪಾತ (n/(n+1))^n, ಅದರ ಮಿತಿ 1/e ಎಂದು ತಿಳಿಯಲು e ಯ ಪರಿಚಯ ಬೇಕು. ಬದಲಿಗೆ n!/n^n ಅನ್ನು (1/n)(2/n)(3/n)…(n/n) ಎಂದು ಬಿಡಿಸಿ ಬರೆಯಿರಿ. ಮೂರನೆಯದರಿಂದ ಆಚೆಗಿನ ಯಾವ ಭಾಗವೂ 1ನ್ನು ಮೀರುವುದಿಲ್ಲ. ಆದ್ದರಿಂದ n ≥ 2 ಇದ್ದಾಗ ಪದ 2/n² ನ್ನು ಮೀರುವುದಿಲ್ಲ. ಮುಗಿಯಿತು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. "ಅನುಪಾತ ಪರೀಕ್ಷೆಯಿಂದ ಸಾಧಿಸಿ" ಎಂದು ಉಪಕರಣದ ಹೆಸರನ್ನೂ ಪ್ರಶ್ನೆಯಲ್ಲೇ ಕೊಡುವ ಪ್ರಶ್ನೆಪತ್ರಿಕೆಗಳ ಮೇಲೆ. ಆರಿಸುವ ಕೆಲಸವೇ ಗಣಿತ; ಅದನ್ನು ಕಿತ್ತುಕೊಂಡರೆ ಉಳಿಯುವುದು ಬೀಜಗಣಿತದ ಕೂಲಿ. ಅನುಪಾತ 1 ಬಂದರೆ ರಾಬೆ ಪರೀಕ್ಷೆ ಹಾಕು ಎಂದು ಗೈಡುಗಳು ಇನ್ನೊಂದು ಮೆಟ್ಟಿಲು ಹತ್ತಿಸುತ್ತವೆ. ನಿಮ್ಮ ಮೊದಲ ಶ್ರೇಣಿಗೆ ರಾಬೆ 2 ಕೊಡುತ್ತದೆ, ಸರಿ. ಎರಡನೆಯದಕ್ಕೆ ಹಾಕಿ ನೋಡಿ: n(aₙ/aₙ₊₁ − 1) ಎಂಬುದು ಸುಮಾರು 1 + 1/ln n, ಮಿತಿ ಮತ್ತೆ 1. ಅರ್ಧ ಪುಟ ಲೆಕ್ಕ ಮಾಡಿ ಮೊದಲು ನಿಂತಲ್ಲೇ ನಿಂತಿರಿ.

ಆ ಎರಡನೆಯ ಶ್ರೇಣಿ ಹೋಲಿಕೆಗೂ ಸುಲಭಕ್ಕೆ ಸಿಗುವುದಿಲ್ಲ, ಒಪ್ಪುತ್ತೇನೆ. n ≥ 3 ಆದಾಗ ಅದು 1/n ಗಿಂತ ಚಿಕ್ಕದು. ಆದರೆ n ಸಾಕಷ್ಟು ದೊಡ್ಡದಾದರೆ 1/n^1.01 ಗಿಂತಲೂ ದೊಡ್ಡದು. ಎರಡೂ ಕಡೆ ತಪ್ಪು ದಿಕ್ಕು. ಇಂಥ ಕಡೆ ಅನುಕಲ ಪರೀಕ್ಷೆ. f(x) = 1/(x ln x) ಧನ, ಅವಿಚ್ಛಿನ್ನ, x = 2ರಿಂದ ಆಚೆಗೆ ಇಳಿಯುತ್ತಲೇ ಹೋಗುತ್ತದೆ. ಈ ಮೂರನ್ನೂ ಬರೆಯದೆ ಅನುಕಲಕ್ಕೆ ಕೈಹಾಕಬಾರದು. ಇಳಿಯುವ ಗುಣ ಇಲ್ಲದಿದ್ದರೆ ಆಯತಗಳನ್ನು ವಕ್ರರೇಖೆಯ ಮೇಲೂ ಕೆಳಗೂ ಜೋಡಿಸುವ ವಾದವೇ ಬಿದ್ದುಹೋಗುತ್ತದೆ. ಅಂದ ಹಾಗೆ, ಆಯತಗಳಿಗೂ ವಕ್ರರೇಖೆಗೂ ಇರುವ ಆ ಸಂಬಂಧವೂ ಹೋಲಿಕೆಯೇ. u = ln x ಎಂದು ಹಾಕಿದರೆ ಅನುಕಲ ln(ln x). ಅದು ಮೇರೆಯಿಲ್ಲದೆ ಬೆಳೆಯುತ್ತದೆ, ಶ್ರೇಣಿ ಅಪಸರಿಸುತ್ತದೆ.

ಎಷ್ಟು ನಿಧಾನ ಎನ್ನುವುದನ್ನೂ ಅದೇ ಅನುಕಲ ಹೇಳುತ್ತದೆ. n = 2ರಿಂದ N ವರೆಗಿನ ಮೊತ್ತ ಹೆಚ್ಚುಕಡಿಮೆ ln(ln N) + 0.795. N ಹತ್ತು ಲಕ್ಷವಾದಾಗ ln N = 13.82, ಅದರ ಲಾಗರಿದಮ್ 2.63, ಒಟ್ಟು ನಿಮ್ಮದೇ 3.42. ಮೊತ್ತ 4 ದಾಟಬೇಕಾದರೆ ಸುಮಾರು ಐದು ಸಾವಿರ ಕೋಟಿ ಪದಗಳು ಬೇಕು. 5 ದಾಟಲು 10^29ಕ್ಕೂ ಹೆಚ್ಚು. ಯಾವ ಕಂಪ್ಯೂಟರಿಗೂ ಅದು ಆಗದ ಕೆಲಸ. ಈಗ ln n ಗೆ ವರ್ಗ ಸೇರಿಸಿ ∑ 1/(n (ln n)²) ಮಾಡಿ. ಅನುಕಲ −1/ln x, ಮೇಲಿನ ತುದಿಯಲ್ಲಿ ಸೊನ್ನೆ, ಶ್ರೇಣಿ ಅಭಿಸರಿಸುತ್ತದೆ. ಇದರಲ್ಲೂ ಹತ್ತು ಲಕ್ಷ ಪದ ಕೂಡಿಸಿ ನಿಲ್ಲಿಸಿದರೆ ಇನ್ನೂ 1/13.82, ಅಂದರೆ ಸುಮಾರು 0.07 ಬಾಕಿ ಉಳಿದಿರುತ್ತದೆ. ಪರದೆಯ ಮೇಲೆ ಎರಡು ಮೊತ್ತಗಳೂ ಒಂದೇ ಥರ ತೆವಳುತ್ತವೆ.