ಬ್ರೋಕರ್ ಕೊಟ್ಟ ಮಾತು ಮಾಲೀಕರ ಮಾತಲ್ಲ

"ಒಂದು ಹಳೆಯ ಮನೆ ನೋಡಿದೆವು. ಮಾಲೀಕರು 48 ಲಕ್ಷಕ್ಕೆ ಒಪ್ಪಿದ್ದಾರೆ ಎಂದು ಬ್ರೋಕರ್ ಹೇಳಿ, 1 ಲಕ್ಷ ಟೋಕನ್ ತಮ್ಮ ಖಾತೆಗೆ ಹಾಕಿಸಿಕೊಂಡರು. ರಸೀದಿಗೆ 'ಮಾಲೀಕರ ಪರವಾಗಿ' ಎಂದು ಬರೆದು ತಾವೇ ಸಹಿ ಹಾಕಿದರು. ಹತ್ತು ದಿನದ ಮೇಲೆ ಮಾಲೀಕರು, 'ನಾನು ಒಪ್ಪೇ ಇಲ್ಲ, 53 ಆದರೆ ಕೊಡ್ತೀನಿ' ಅಂದರು. ಈಗ ಬ್ರೋಕರ್, ತಮ್ಮ 1% ಕಮಿಷನ್ 48 ಸಾವಿರ ಮುರಿದುಕೊಂಡು ಉಳಿದದ್ದು ಕೊಡ್ತೀನಿ ಅಂತಾರೆ. ಮಾಲೀಕರು 48ಕ್ಕೇ ಮಾರುವಂತೆ ಮಾಡಬಹುದೇ? ಕಮಿಷನ್ ಕೊಡಲೇಬೇಕೇ? ನಾವೇ ನೇರವಾಗಿ ಮಾಲೀಕರ ಹತ್ತಿರ 50ಕ್ಕೆ ಮುಗಿಸಿಕೊಂಡರೆ ಬ್ರೋಕರ್‌ಗೆ ಏನೂ ಕೊಡಬೇಕಿಲ್ಲ ಅಲ್ವಾ?"
— ಒಬ್ಬ ಓದುಗರು

ಪ್ರಿಯ ಓದುಗರೇ,

ಮೊದಲ ಪ್ರಶ್ನೆಗೆ ಉತ್ತರ ನಿಮಗೆ ಬೇಸರ ತರುತ್ತದೆ. ಈಗ ನಿಮ್ಮ ಕೈಯಲ್ಲಿರುವ ರಸೀದಿಯೊಂದನ್ನೇ ಹಿಡಿದು ಮಾಲೀಕರನ್ನು 48 ಲಕ್ಷಕ್ಕೆ ಕಟ್ಟಿಹಾಕಲು ಆಗುವುದಿಲ್ಲ. ಎರಡನೆಯದಕ್ಕೆ ಉತ್ತರ ಸಮಾಧಾನ ತರುತ್ತದೆ. ಮೂರನೆಯದು ನೀವು ಅಂದುಕೊಂಡಷ್ಟು ಸುಲಭವಾಗಿಲ್ಲ.

ನಮ್ಮಲ್ಲಿ ಮನೆ, ಸೈಟಿನ ಬ್ರೋಕರ್‌ಗಳಿಗೆ ಅಂತಲೇ ಬೇರೆ ಕಾನೂನಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟರ ಬಗ್ಗೆ ಒಂದು ಅಧ್ಯಾಯವಿದೆ. ಇಂಥ ಜಗಳಗಳು ಬಹುಪಾಲು ಅದರ ಮೇಲೆಯೇ ತೀರ್ಮಾನವಾಗುತ್ತವೆ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದಮೇಲೆ ಏಜೆಂಟರು ನೋಂದಣಿ ಮಾಡಿಸಬೇಕಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಆ ನಿಯಮ ಇರುವುದು ರೇರಾದಲ್ಲಿ ನೋಂದಾಯಿಸಬೇಕಾದ ಬಡಾವಣೆ, ಅಪಾರ್ಟ್‌ಮೆಂಟ್ ಯೋಜನೆಗಳನ್ನು ಮಾರಿಸುವವರಿಗೆ. ಒಬ್ಬರು ತಮ್ಮ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವ ನಿಮ್ಮಂಥ ವ್ಯವಹಾರ ಅದರೊಳಗೆ ಬರುವುದಿಲ್ಲ. ಬ್ರೋಕರ್ ಹತ್ತಿರ ರೇರಾ ನಂಬರ್ ಇದ್ದರೂ ಅದರಿಂದ ಈ ಮನೆಯನ್ನು ಮಾರುವ ಅಧಿಕಾರ ಅವರಿಗೆ ಬರುವುದಿಲ್ಲ.

ಈ ಅಧಿಕಾರ ಅನ್ನುವುದೇ ಇಲ್ಲಿ ಮುಖ್ಯ. ಮಾಲೀಕರು ಬ್ರೋಕರ್‌ಗೆ "ಒಂದು ಗಿರಾಕಿ ನೋಡಿ" ಅಂದಾಗ ಅವರು ಒಪ್ಪಿಸಿದ ಕೆಲಸ ಒಂದೇ: ಕೊಳ್ಳುವವರನ್ನು ಹುಡುಕಿ ತಂದು ಎದುರಿಗೆ ಕೂರಿಸುವುದು. ಮನೆ ತೋರಿಸಬಹುದು, ಬೆಲೆ ಎಷ್ಟು ಹೇಳುತ್ತಾರೆ ಎಂದು ತಿಳಿಸಬಹುದು, ನಿಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಿಮಗೆ ಮುಟ್ಟಿಸಬಹುದು. ಇಷ್ಟಕ್ಕೆ ಮಾರುತ್ತೇವೆ ಎಂದು ಮಾಲೀಕರ ಹೆಸರಿನಲ್ಲಿ ಒಪ್ಪಂದ ಮಾಡುವುದು ಬೇರೆಯೇ ಅಧಿಕಾರ. ಅದನ್ನು ಮಾಲೀಕರು ಬಿಡಿಸಿ ಹೇಳಿ ಕೊಟ್ಟಿರಬೇಕು. ಸುಪ್ರೀಂ ಕೋರ್ಟ್ 1950ರಲ್ಲೇ, ಕಲ್ಕತ್ತಾದ ಒಂದು ಮನೆಯ ಮಾರಾಟದ ಪ್ರಕರಣದಲ್ಲಿ, ಇದನ್ನು ನೋಡಿದೆ. ಅಬ್ದುಲ್ಲಾ ಅಹ್ಮದ್ ಎಂಬ ಬ್ರೋಕರ್ ಅನಿಮೇಂದ್ರ ಕಿಸ್ಸೆನ್ ಮಿತ್ತರ್ ಎಂಬ ಮಾಲೀಕರ ಮೇಲೆ ಹಾಕಿದ್ದ ದಾವೆ ಅದು. ಮಾರಾಟದ ಮಾತುಕತೆ ನಡೆಸಿ ಎಂದು ಬ್ರೋಕರ್‌ಗೆ ಹೇಳಿದ ಮಾತ್ರಕ್ಕೆ ಮಾಲೀಕರನ್ನು ಕಟ್ಟಿಹಾಕುವ ಕರಾರಿಗೆ ಸಹಿ ಹಾಕುವ ಅಧಿಕಾರ ಸಿಕ್ಕಂತಾಗುವುದಿಲ್ಲ ಎಂಬುದು ಅಲ್ಲಿ ಬಂದ ನಿಲುವು. ಆ ಪ್ರಕರಣಕ್ಕೆ ಮತ್ತೆ ಬರುತ್ತೇನೆ, ನಿಮ್ಮ ಮೂರನೇ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ.

"ಆದರೆ ರಸೀದಿಯಲ್ಲಿ ಮಾಲೀಕರ ಪರವಾಗಿ ಅಂತ ಬರೆದಿದೆಯಲ್ಲ" ಎನ್ನುತ್ತೀರಿ. ಅದನ್ನು ಬರೆದವರು ಯಾರು? ಬ್ರೋಕರ್. ತನಗೆ ಅಧಿಕಾರವಿದೆ ಎಂದು ಏಜೆಂಟ್ ತಾನೇ ಹೇಳಿಕೊಂಡರೆ ಅಧಿಕಾರ ಹುಟ್ಟುವುದಿಲ್ಲ. ಮಾಲೀಕರ ಕಡೆಯಿಂದ ಏನಾದರೂ ಬಂದಿರಬೇಕು. ಕರಾರು ಕಾಯ್ದೆಯ ಸೆಕ್ಷನ್ 237 ಹೇಳುವುದೂ ಇದನ್ನೇ: ಮಾಲೀಕರು ತಮ್ಮ ಮಾತಿನಿಂದಲೋ ನಡೆಯಿಂದಲೋ, ಈ ಏಜೆಂಟಿಗೆ ಅಧಿಕಾರ ಇದೆ ಎಂದು ನಿಮ್ಮನ್ನು ನಂಬಿಸಿದ್ದರೆ ಮಾತ್ರ ಅವರು ಹೊಣೆ. ಬ್ರೋಕರ್ ನಂಬಿಸಿದ್ದಕ್ಕೆ ಮಾಲೀಕರು ಹೊಣೆಯಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಬ್ರೋಕರ್ ಹೇಳಿದ್ದನ್ನೆಲ್ಲ ಒಂದು ಪಕ್ಕಕ್ಕಿಟ್ಟು, ಮಾಲೀಕರಿಂದ ನಿಮಗೆ ನೇರವಾಗಿ ಬಂದದ್ದು ಏನಿದೆ ಎಂದು ಹುಡುಕಿ. ಅವರು ನಿಮ್ಮ ಎದುರಿಗೆ ಅಥವಾ ಫೋನಿನಲ್ಲಿ 48ಕ್ಕೆ ಹೂಂ ಅಂದಿದ್ದರೆ? ಮಾತಿನಲ್ಲಿ ಆದ ಮಾರಾಟದ ಒಪ್ಪಂದಕ್ಕೂ ಬೆಲೆ ಇದೆ, ಕಷ್ಟವಿರುವುದು ಅದನ್ನು ಸಾಬೀತು ಮಾಡುವುದರಲ್ಲಿ. ಬ್ರೋಕರ್‌ಗೆ ಮಾರಾಟದ ಪವರ್ ಆಫ್ ಅಟಾರ್ನಿ ಕೊಟ್ಟಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಬ್ರೋಕರ್‌ಗೆ ಅವರು ಕಳಿಸಿದ ವಾಟ್ಸಾಪ್ ಸಂದೇಶ ಇದ್ದರೆ ಅದನ್ನೂ ನೋಡಿ. "ಬರಲಿ, ಕೂತು ಮಾತಾಡೋಣ" ಅಂತಿದ್ದರೆ ಅದು ಒಪ್ಪಿಗೆ ಅಲ್ಲ. "48ಕ್ಕೆ ಸರಿ, ಟೋಕನ್ ತಗೊಳ್ಳಿ" ಅಂತಿದ್ದರೆ ನಿಮ್ಮ ಕೇಸಿಗೆ ಜೀವ ಬಂತು.

ಇನ್ನೊಂದನ್ನು ಈಗಲೇ ಪತ್ತೆ ಮಾಡಬೇಕು. ಆ 1 ಲಕ್ಷ ಮಾಲೀಕರ ಕೈ ಸೇರಿದೆಯೇ? ಏಜೆಂಟ್ ಅಧಿಕಾರ ಮೀರಿ ಮಾಡಿದ್ದನ್ನು ಮಾಲೀಕರು ಆಮೇಲೆ ಒಪ್ಪಿಕೊಂಡರೆ, ಮೊದಲೇ ಅಧಿಕಾರ ಕೊಟ್ಟಷ್ಟೇ ಸಮ. 48ರ ವ್ಯವಹಾರದ ಟೋಕನ್ ಎಂದು ಗೊತ್ತಿದ್ದೂ ದುಡ್ಡು ತೆಗೆದುಕೊಂಡು ಸುಮ್ಮನಿದ್ದರೆ ಅದೂ ಒಪ್ಪಿಕೊಂಡಂತೆಯೇ ಎಂದು ವಾದಿಸಬಹುದು. ಗೊತ್ತಿದ್ದೂ ಅನ್ನುವ ಪದವನ್ನು ಗಮನಿಸಿ. ಬ್ರೋಕರ್ ಅಲ್ಲಿ ಹೋಗಿ "53ಕ್ಕೆ ಪಾರ್ಟಿ ಸಿಕ್ಕಿದ್ದಾರೆ" ಎಂದು ಹೇಳಿ ಅದೇ ದುಡ್ಡು ಕೊಟ್ಟಿದ್ದರೆ, ಮಾಲೀಕರು 48ಕ್ಕೆ ಒಪ್ಪಿದಂತಾಗುವುದಿಲ್ಲ. ಎರಡೂ ಕಡೆಗೆ ಬೇರೆ ಬೇರೆ ಬೆಲೆ ಹೇಳಿ, ಎದುರುಬದುರು ಕೂತಾಗ ಹೇಗೋ ಹೊಂದಿಸಿಬಿಡೋಣ ಎಂದು ನಂಬುವ ಬ್ರೋಕರ್‌ಗಳು ಇದ್ದಾರೆ. ನಿಮ್ಮ ವಿಷಯದಲ್ಲೂ ಅದೇ ಆಗಿದೆ ಎಂದು ನಾನು ಹೇಳಲಾರೆ, ಆದರೆ ಕೇಳಿ ತಿಳಿದುಕೊಳ್ಳಬೇಕಾದ ಮಾತು ಅದು. ಮಾಲೀಕರಿಗೆ ನೀವೇ ಒಂದು ಸಂದೇಶ ಕಳಿಸಿ: ಇಂಥ ದಿನ ನಿಮ್ಮ ಪರವಾಗಿ ಎಂದು 1 ಲಕ್ಷ ಪಡೆದಿದ್ದಾರೆ, ನೀವು ಹೇಳಿದ್ದಿರಾ, ದುಡ್ಡು ನಿಮಗೆ ಬಂದಿದೆಯಾ? ಅವರು ಏನೇ ಬರೆದರೂ ಅದು ನಿಮಗೆ ದಾಖಲೆ. ಒಪ್ಪಿದರೆ ಮಾಲೀಕರ ಮೇಲೆ, ಇಲ್ಲ ಅಂದರೆ ಬ್ರೋಕರ್ ಮೇಲೆ.

ಇಲ್ಲ ಅಂದರೆ ಬ್ರೋಕರ್ ಹೇಗೆ ಹೊಣೆ? ಸೆಕ್ಷನ್ 235 ಅದಕ್ಕೇ ಇದೆ. ಇಲ್ಲದ ಅಧಿಕಾರ ಇದೆ ಎಂದು ಹೇಳಿ ವ್ಯವಹಾರಕ್ಕೆ ಇಳಿಸಿದವರು, ಮಾಲೀಕರು ಒಪ್ಪದೇ ಹೋದಾಗ, ಆದ ನಷ್ಟವನ್ನು ಕಟ್ಟಿಕೊಡಬೇಕು. 'ಮಾಲೀಕರ ಪರವಾಗಿ' ಎಂಬ ಆ ಬರಹ ಮಾಲೀಕರ ವಿರುದ್ಧ ಕೆಲಸಕ್ಕೆ ಬಾರದೇ ಇರಬಹುದು. ಬರೆದವರ ವಿರುದ್ಧ ಅದು ಗಟ್ಟಿ ಸಾಕ್ಷಿ. ರಸೀದಿಯನ್ನು ಜೋಪಾನ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ.

ಈಗ ಕಮಿಷನ್. ಹಳೆಯ ಮನೆಯ ವ್ಯವಹಾರದಲ್ಲಿ ಇಷ್ಟೇ ಕೊಡಬೇಕು ಎಂದು ಕಾನೂನು ಹೇಳುವುದಿಲ್ಲ. ನೀವಿಬ್ಬರೂ ಒಪ್ಪಿಕೊಂಡಿದ್ದೇ ದರ. ನಿಮ್ಮ ಪತ್ರದಲ್ಲಿ 1% ಅಂತಿದೆ, ಆದರೆ ಯಾವಾಗ ಕೊಡಬೇಕು ಎಂಬುದಿಲ್ಲ. ನೂರಕ್ಕೆ ತೊಂಬತ್ತು ಜಗಳ ಹುಟ್ಟುವುದೇ ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಬ್ರೋಕರ್ ಲೆಕ್ಕದಲ್ಲಿ ಮನೆ ತೋರಿಸಿ ಬೆಲೆ ಕುದುರಿಸಿದರೆ ಕೆಲಸ ಮುಗಿಯಿತು. ಕೊಳ್ಳುವವರ ಲೆಕ್ಕದಲ್ಲಿ ಕ್ರಯಪತ್ರ ರಿಜಿಸ್ಟರ್ ಆದಾಗ ಮುಗಿಯಿತು. ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಬೇರೆ ಮಾತು ಆಗಿರದಿದ್ದರೆ, ಒಪ್ಪಿಸಿದ ಕೆಲಸ ಮುಗಿಯುವ ತನಕ ಏಜೆಂಟಿನ ಸಂಭಾವನೆ ಕೊಡಬೇಕಾಗಿ ಬರುವುದಿಲ್ಲ ಎಂದು ಸೆಕ್ಷನ್ 219 ಹೇಳುತ್ತದೆ. ನಿಮಗೆ ಮಾರಲು ಒಪ್ಪಿದ ಮಾಲೀಕರೇ ಇಲ್ಲ, ಅಗ್ರಿಮೆಂಟೂ ಆಗಿಲ್ಲ. ಕೆಲಸ ಮುಗಿದಿದೆ ಎಂದು ಯಾವ ಅರ್ಥದಲ್ಲಿ ಹೇಳುವುದು? "ಮನೆ ತೋರಿಸಿದ್ದಕ್ಕೇ ಕೊಡುತ್ತೇವೆ" ಎಂದು ನೀವು ಬರೆದುಕೊಟ್ಟಿದ್ದರೆ ಮಾತ್ರ ಬೇರೆ.

ಕೊಡಬೇಕಾಗಿ ಬರದ ಹಣವನ್ನು ನಿಮ್ಮ ಟೋಕನ್‌ನಲ್ಲಿ ಮುರಿದುಕೊಳ್ಳುವ ಹಕ್ಕೂ ಅವರಿಗಿಲ್ಲ. ಟೋಕನ್ ಕೊಟ್ಟಿದ್ದು ಮನೆಯ ಬೆಲೆಗೆ, ಕಮಿಷನ್‌ಗಲ್ಲ. 52 ಸಾವಿರ ಕೊಟ್ಟು "ಲೆಕ್ಕ ಚುಕ್ತಾ" ಎಂದು ಸಹಿ ಕೇಳಿದರೆ ಹಾಕಬೇಡಿ. 52 ಸಾವಿರ ತೆಗೆದುಕೊಳ್ಳಿ, 48 ಸಾವಿರ ಬಾಕಿ ಎಂದು ಬರೆದು ಸಹಿ ಹಾಕಿ. ಬಾಕಿಗೆ 15 ದಿನದ ಗಡುವು ಕೊಟ್ಟು ವಕೀಲರಿಂದ ನೋಟಿಸ್ ಕಳಿಸಿ. ಆಗಲೂ ಕೊಡದಿದ್ದರೆ ಸಿವಿಲ್ ದಾವೆ, ಅದನ್ನು ಮೂರು ವರ್ಷದೊಳಗೆ ಹಾಕಬೇಕು. ಎಲ್ಲಿಯೂ ಅಧಿಕಾರವೇ ಇಲ್ಲದೆ ಮೋಸ ಮಾಡುವ ಉದ್ದೇಶದಿಂದಲೇ ದುಡ್ಡು ಹಾಕಿಸಿಕೊಂಡರು ಎನ್ನಲು ಆಧಾರವಿದ್ದರೆ ಪೊಲೀಸ್ ದೂರಿಗೂ ದಾರಿ ಇದೆ. ಆದರೆ ಮಾತು ತಪ್ಪಿದ್ದೆಲ್ಲ ವಂಚನೆ ಆಗುವುದಿಲ್ಲ, ಅದನ್ನು ವಕೀಲರ ಹತ್ತಿರ ಕೂತು ನಿರ್ಧರಿಸಿ.

ಇನ್ನು 50ಕ್ಕೆ ನೇರವಾಗಿ ಮುಗಿಸಿಕೊಳ್ಳುವ ಯೋಚನೆ. ಇದರಲ್ಲಿ ನಾನು ನಿಮ್ಮ ಪರ ಪೂರ್ತಿ ನಿಲ್ಲಲಾರೆ. ಆ ಮನೆಯನ್ನು ನಿಮಗೆ ತೋರಿಸಿದವರು ಅವರೇ. ಅವರಿಂದಲೇ ನೀವು ಮಾಲೀಕರನ್ನು ತಲುಪಿದ್ದು. 1950ರ ಆ ಪ್ರಕರಣದಲ್ಲೂ ಬ್ರೋಕರ್ ಕರೆತಂದ ಕಡೆಯವರಿಗೇ ಕೊನೆಗೆ ಮಾಲೀಕರು ಕಡಿಮೆ ಬೆಲೆಗೆ ಮನೆ ಮಾರಿದ್ದರು. ಬ್ರೋಕರ್‌ಗೆ ಕರಾರು ಮಾಡುವ ಅಧಿಕಾರ ಇರಲಿಲ್ಲ, ಆದರೂ ಕಮಿಷನ್ ಸಿಕ್ಕಿತು. ಅಲ್ಲಿ ಕಮಿಷನ್ ಬರೆದುಕೊಟ್ಟಿದ್ದವರು ಮಾಲೀಕರು, ಇಲ್ಲಿ ಮಾತು ಕೊಟ್ಟವರು ನೀವು, ಅಷ್ಟು ವ್ಯತ್ಯಾಸವಿದೆ. ಆದರೆ ತರ್ಕ ಅದೇ: ಮಾಲೀಕರನ್ನು ಕಟ್ಟಿಹಾಕುವ ಅಧಿಕಾರ ಬೇರೆ, ಕೊಳ್ಳುವವರನ್ನು ತಂದುಕೊಟ್ಟ ಕೆಲಸಕ್ಕೆ ಸಿಗುವ ಹಣ ಬೇರೆ. ಬ್ರೋಕರ್‌ನನ್ನು ತಪ್ಪಿಸಿ ರಿಜಿಸ್ಟರ್ ಮಾಡಿಸಿಕೊಂಡರೆ, ಈ ವ್ಯವಹಾರ ಆಗಿದ್ದೇ ನನ್ನಿಂದ ಎಂದು ಅವರು 50 ಸಾವಿರ ಕೇಳಬಹುದು, ಅದು ಸುಳ್ಳು ಬೇಡಿಕೆ ಅಲ್ಲ.

ನಿಮ್ಮ ಕೈಯಲ್ಲಿ ಒಂದು ಎದುರು ಮಾತಿದೆ. ವ್ಯವಹಾರದಲ್ಲಿ ದುರ್ನಡತೆ ತೋರಿದ ಏಜೆಂಟಿಗೆ ಆ ಭಾಗದ ಸಂಭಾವನೆ ಸಿಗುವುದಿಲ್ಲ ಎಂದು ಸೆಕ್ಷನ್ 220 ಹೇಳುತ್ತದೆ. ಮಾಲೀಕರು ಒಪ್ಪದೇ ಇದ್ದಾಗ ಒಪ್ಪಿದ್ದಾರೆ ಎಂದು ಹೇಳಿದ್ದು ಸಾಬೀತಾದರೆ ಇದನ್ನು ಎತ್ತಬಹುದು. ಜೊತೆಗೆ, ರಸೀದಿಯಲ್ಲಿ ಮಾಲೀಕರ ಏಜೆಂಟ್ ಎಂದು ಸಹಿ ಹಾಕಿದವರು ನಿಮ್ಮ ಹತ್ತಿರವೂ ಕಮಿಷನ್ ಕೇಳುತ್ತಿದ್ದಾರೆ, ಎರಡೂ ಕಡೆ ತೆಗೆದುಕೊಳ್ಳುವ ವಿಷಯ ನಿಮಗೆ ಮೊದಲೇ ತಿಳಿಸಿದ್ದರೇ ಎಂದೂ ಕೇಳಿ. ಇದನ್ನೆಲ್ಲ ಕೋರ್ಟಿನಲ್ಲಿ ಹೇಳುವುದಕ್ಕಿಂತ, ಮೂವರೂ ಒಂದು ಕಡೆ ಕೂತು ಮೊತ್ತ ಇಳಿಸಿಕೊಳ್ಳಲು ಬಳಸಿದರೆ ನಿಮಗೆ ಲಾಭ ಜಾಸ್ತಿ.

ಹಾಗೆ ಕೂತಾಗ 50ಕ್ಕೆ ಒಪ್ಪಿದರೆ, ಹೊಸ ಟೋಕನ್ ಹಣ ಮಾಲೀಕರ ಹೆಸರಿನ ಖಾತೆಗೇ ಹೋಗಲಿ. ಅಗ್ರಿಮೆಂಟಿಗೆ ಮಾಲೀಕರೇ ಸಹಿ ಹಾಕಲಿ, ಮನೆ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ. ಬ್ರೋಕರ್ ಜೊತೆ ಬೇರೆ ಹಾಳೆಯಲ್ಲಿ ಮೂರು ಸಾಲು ಬರೆಸಿ: ಎಷ್ಟು, ಯಾರು ಕೊಡುವುದು, ಯಾವ ದಿನ. ಯಾವ ದಿನ ಅನ್ನುವ ಕಡೆ "ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆದ ದಿನ" ಎಂದು ಬರೆಯಿರಿ, ಮತ್ತು ಅವರ ಹತ್ತಿರ ಈಗಿರುವ 1 ಲಕ್ಷ ಅದಕ್ಕೂ ಮೊದಲೇ ನಿಮಗೆ ವಾಪಸ್ ಬರಬೇಕು ಎಂಬುದನ್ನೂ ಅದೇ ಹಾಳೆಗೆ ಸೇರಿಸಿ.

— ಸಂಪಾದಕ