ಪ್ರೈಮ್ ಕೋಟ್, ಟ್ಯಾಕ್ ಕೋಟ್ ಎರಡಕ್ಕೂ ಸೇರಿ 6 ಡ್ರಮ್ ಸಾಕಾ?

"ನಮ್ಮೂರಿನ ಹೊಸ ರಸ್ತೆ 600 ಮೀಟರ್ ಉದ್ದ, 3.75 ಮೀಟರ್ ಅಗಲ. ವೆಟ್ ಮಿಕ್ಸ್ ಹಾಕಿ ರೋಲರ್ ಓಡಿಸಿದ್ದಾರೆ. ಪ್ರೈಮ್‌ಗೂ ಟ್ಯಾಕ್‌ಗೂ ಸೇರಿ 200 ಕೆಜಿಯ 6 ಡ್ರಮ್ ಎಮಲ್ಷನ್ ಇಳಿಸಿದ್ದಾರೆ. ಸಾಕಾಗುತ್ತಾ? ಪಾಂಡವಪುರದ ಕಡೆಯ ಊರು."

ಸಾಲುವುದಿಲ್ಲ ಅಣ್ಣ. ಪ್ರೈಮ್ ಒಂದಕ್ಕೇ ಸಾಲುವುದಿಲ್ಲ.

ನಿಮ್ಮ ರಸ್ತೆ 2,250 ಚದರ ಮೀಟರ್ ಆಗುತ್ತದೆ. ಎಮಲ್ಷನ್ ಅಂದರೆ ನೀರಿನಲ್ಲಿ ಬೆರೆತ ಡಾಂಬರು. ವೆಟ್ ಮಿಕ್ಸ್, ಅಂದರೆ ನೀರು ಬೆರೆಸಿ ಹಾಸಿದ ಜಲ್ಲಿ-ಕಲ್ಲುಪುಡಿಯ ಪದರದ ಮೇಲೆ, ಪ್ರೈಮ್‌ಗೆ ನಿಧಾನವಾಗಿ ಒಡೆದು ಡಾಂಬರು ಬೇರೆಯಾಗುವ ಎಸ್‌ಎಸ್-1 ಎಮಲ್ಷನ್ ಚದರ ಮೀಟರ್‌ಗೆ 0.7ರಿಂದ 1 ಕೆಜಿ ಬೇಕು. ಎಷ್ಟೇ ಕಡಿಮೆ ಹಿಡಿದರೂ 1,575 ಕೆಜಿ, ಅಂದರೆ ಹತ್ತಿರ ಹತ್ತಿರ 8 ಡ್ರಮ್. ನಡುವಿನ 0.85 ಹಿಡಿದರೆ ಒಂಬತ್ತೂವರೆ ಡ್ರಮ್. ಅದರ ಮೇಲೆ ಟ್ಯಾಕ್‌ಗೆ ಬೇಗ ಒಡೆಯುವ ಆರ್‌ಎಸ್-1, ಚದರ ಮೀಟರ್‌ಗೆ 0.25ರಿಂದ 0.3 ಕೆಜಿ. ಅದಕ್ಕೆ 3 ಡ್ರಮ್ ಚಿಲ್ಲರೆ. ಎರಡೂ ಸೇರಿ 12-13 ಡ್ರಮ್ ಬೇಕು.

ಮೇಲೆ ಮದ್ದೂರಿನ ಅಣ್ಣ "ಯಾವ ಕೋಟ್ ಆದರೂ ಚದರ ಮೀಟರ್‌ಗೆ ಕಾಲು ಕೆಜಿ" ಎಂದು ಬರೆದಿದ್ದಾರೆ. ಅವರ ರಸ್ತೆಗೆ ಅದು ಸರಿ. ಅಲ್ಲಿ ಹಳೆ ಡಾಂಬರಿನ ಮೇಲೆ ಹೊಸ ಪದರ ಹಾಕಿದ್ದು, ಅದಕ್ಕೆ ಟ್ಯಾಕ್ ಮಾತ್ರ ಸಾಕು, ಪ್ರೈಮ್ ಬೇಡ. ಆದರೆ ವೆಟ್ ಮಿಕ್ಸ್ ಎಮಲ್ಷನ್ನನ್ನು ಕುಡಿಯುತ್ತದೆ. ಪ್ರೈಮ್ ಕಲ್ಲುಪುಡಿಯ ಸಂದಿಗೆ ಕೆಲವು ಮಿಲಿಮೀಟರ್ ಇಳಿದು ಹಿಡಿಯಬೇಕು. ಟ್ಯಾಕ್ ಹಾಗಲ್ಲ, ಎರಡು ಪದರದ ನಡುವೆ ತೆಳ್ಳಗೆ ಅಂಟಾಗಿ ಕೂರಬೇಕು. ಕಾಲು ಕೆಜಿಯಂತೆ ಎರಡು ಸಲ ಗುಣಿಸಿ ನೋಡಿ, 1,125 ಕೆಜಿ ಬರುತ್ತದೆ. ನಿಮ್ಮ 6 ಡ್ರಮ್ ಲೆಕ್ಕ ಅಲ್ಲಿಂದಲೇ ಬಂದಿರಬೇಕು ಅನಿಸುತ್ತದೆ.

ಈ ತೂಕವೆಲ್ಲ ಎಮಲ್ಷನ್ನಿನದು, ಬರೀ ಡಾಂಬರಿನದಲ್ಲ. ಎಸ್‌ಎಸ್-1ನಲ್ಲಿ ನೀರು ಹೋದ ಮೇಲೆ ಉಳಿಯುವ ಡಾಂಬರು ಸುಮಾರು ಅರ್ಧ, ಆರ್‌ಎಸ್-1ನಲ್ಲಿ ನೂರಕ್ಕೆ 60ರಷ್ಟು. ಹಾಗಾಗಿ 6 ಡ್ರಮ್‌ಗೆ ನೀರು ಬೆರೆಸಿ 12 ಮಾಡಿದರೆ ಲೆಕ್ಕ ಸರಿ ಕಾಣುತ್ತದೆ, ರಸ್ತೆಗೆ ಮಾತ್ರ ಹೆಚ್ಚಿಗೆ ಏನೂ ಸಿಗುವುದಿಲ್ಲ. ಎಸ್‌ಎಸ್-1ಗೆ ನೀರು ಬೆರೆಸಬಹುದು ನಿಜ, ಆದರೂ ತೂಕ ಹಿಡಿಯುವುದು ನೀರು ಬೆರೆಸುವ ಮೊದಲು. ಆರ್‌ಎಸ್-1ಗೆ ನೀರು ಹಾಕಲೇಬಾರದು.

ನೀವೇ ಪರೀಕ್ಷೆ ಮಾಡಬಹುದು. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತಗಡಿನ ತಟ್ಟೆ ಮಾಡಿಸಿ. ಖಾಲಿ ತಟ್ಟೆ ತೂಗಿ, ಸ್ಪ್ರೇ ವಾಹನ ಬರುವ ದಾರಿಯಲ್ಲಿ ಇಡಿ. ವಾಹನ ದಾಟಿದ ತಕ್ಷಣ ಮತ್ತೆ ತೂಗಿ, ತಡ ಮಾಡಿದರೆ ನೀರು ಆರಿ ತೂಕ ಇಳಿಯುತ್ತದೆ. ಪ್ರೈಮ್ ಆದರೆ 175ರಿಂದ 250 ಗ್ರಾಂ ಬರಬೇಕು, ಟ್ಯಾಕ್ ಆದರೆ 62ರಿಂದ 75 ಗ್ರಾಂ. ನಡುವೆ ಒಂದು, ಎರಡು ಅಂಚಿನಲ್ಲಿ ಒಂದೊಂದು ತಟ್ಟೆ ಇಡಿ. ನಾಜಲ್ ಕಟ್ಟಿಕೊಂಡಿದ್ದರೆ ಅಂಚಿನಲ್ಲೇ ಗೊತ್ತಾಗುತ್ತದೆ.

ನಾನು ಸೈಟ್ ಸೂಪರ್‌ವೈಸರ್ ಆಗಿದ್ದಾಗ ಕಬ್ಬಿನ ಗದ್ದೆ ಪಕ್ಕದ ಒಂದು ರಸ್ತೆಯಲ್ಲಿ ತೂತು ಡಬ್ಬದಲ್ಲಿ ಟ್ಯಾಕ್ ಸುರಿದರು. ಬೇಡ ಎಂದೆ, ಗುತ್ತಿಗೆದಾರರು ಕೇಳಲಿಲ್ಲ. ಕೆಲವು ಕಡೆ ಮಡುಗಟ್ಟಿತು, ಕೆಲವು ಕಡೆ ಹನಿಯೂ ಬೀಳಲಿಲ್ಲ. ಬೇಸಿಗೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ತಿರುವಿನಲ್ಲಿ ಬ್ರೇಕ್ ಹಾಕಿದಾಗ ಮೇಲಿನ ಪದರ ಜಾರಿ, ಅರ್ಧ ಚಂದ್ರದ ಆಕಾರದ ಬಿರುಕು ಬಂತು. ಒಂದು ತುಂಡು ಎತ್ತಿ ನೋಡಿದೆ. ಒಂದು ಕಡೆ ಅಡಿ ಮಿರಮಿರ ಹೊಳೆಯುತ್ತಿತ್ತು, ಅಲ್ಲಿ ಟ್ಯಾಕ್ ಜಾಸ್ತಿಯಾಗಿತ್ತು. ಇನ್ನೊಂದು ಕಡೆ ಬರೀ ಧೂಳು, ಗುಡಿಸದೆಯೇ ಹಾಕಿದ್ದರು. ಜಾಸ್ತಿ ಸುರಿದರೆ ಗಟ್ಟಿ ಎಂಬ ಮಾತನ್ನು ಅವತ್ತಿನಿಂದ ನಾನು ನಂಬುವುದಿಲ್ಲ.

ಪ್ರೈಮ್‌ಗೆ ಮೊದಲು ಕಲ್ಲಿನ ಮುಖ ಕಾಣುವವರೆಗೆ ಗುಡಿಸಿಸಿ. ತೀರಾ ಒಣಗಿದ್ದರೆ ಲಘುವಾಗಿ ನೀರು ಚಿಮುಕಿಸಲಿ, ಇಲ್ಲದಿದ್ದರೆ ಎಮಲ್ಷನ್ ಧೂಳಿನ ಮೇಲೆ ಉಂಡೆಯಾಗಿ ಉರುಳುತ್ತದೆ. ಒಂದು ದಿನ ಬಿಟ್ಟು ಮೊಳೆಯಿಂದ ಗೀರಿ ನೋಡಿ. ಕಪ್ಪು ಒಳಗೆ ಇಳಿದಿರಬೇಕು. ಪೊರೆಯಂತೆ ಎದ್ದು ಬಂದರೆ ಇಳಿದಿಲ್ಲ ಎಂದು ಅರ್ಥ. ಟ್ಯಾಕ್ ಆದರೆ ಕಂದು ಬಣ್ಣ ಹೋಗಿ ಕಪ್ಪಾಗುವವರೆಗೆ ಮೇಲೆ ಡಾಂಬರು ಮಿಶ್ರಣ ಹಾಕಿಸಬೇಡಿ.

ಮನೆ ಮುಂದಿನ ಕಾಂಕ್ರೀಟ್ ಮೇಲೆ ಡಾಂಬರು ಹಾಕಿಸಬಹುದಾ ಎಂದು ಕೇಳಿದ ಅಕ್ಕ, ನಿಮ್ಮದು ಬೇರೆ ಪ್ರಶ್ನೆ. ಅಲ್ಲಿ ಪ್ರೈಮ್ ಬೇಡ, ಟ್ಯಾಕ್ ಸ್ವಲ್ಪ ಜಾಸ್ತಿ, 0.3ರಿಂದ 0.35 ಕೆಜಿ.

ಪ್ರೈಮ್ 0.7 ಸಾಕಾ, 1 ಕೆಜಿ ಬೇಕಾ ಎಂಬುದನ್ನು ನಾನು ಇಲ್ಲಿ ಕೂತು ಹೇಳಲಾರೆ. ನಿಮ್ಮ ವೆಟ್ ಮಿಕ್ಸ್ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಹತ್ತು ಮೀಟರ್ ತುಂಡಿನಲ್ಲಿ ಜೆಇ ಅವರ ಎದುರು ಹಾಕಿ ನೋಡಲಿ. ಅದಕ್ಕೂ ಮೊದಲು ಡ್ರಮ್ ಮೇಲೆ ಏನು ಬರೆದಿದೆ ನೋಡಿ ತಿಳಿಸಿ ಅಣ್ಣ. ಆರೂ ಡ್ರಮ್ ಆರ್‌ಎಸ್-1 ಆಗಿದ್ದರೆ ಪ್ರೈಮ್‌ಗೆ ಅದು ಬರುವುದೇ ಇಲ್ಲ. ವೆಟ್ ಮಿಕ್ಸ್ ಒಳಗೆ ಇಳಿಯುವ ಮೊದಲೇ ಮೇಲೆ ಒಡೆದು ಕೂರುತ್ತದೆ.